ಶೇರಿಗೆಷ್ಟು, ಟ್ರೆಷರಿ ಬಿಲ್ಲಿಗೆಷ್ಟು?

ಕೈಯಲ್ಲಿರುವ 10 ಲಕ್ಷ ರೂಪಾಯಿಯಲ್ಲಿ ಇಂಡೆಕ್ಸ್ ಫಂಡಿಗೆ ಎಷ್ಟು ಹಾಕಬೇಕು, ಸರ್ಕಾರದ ಟ್ರೆಷರಿ ಬಿಲ್ಲಿನಲ್ಲಿ ಎಷ್ಟು ಇಡಬೇಕು ಎಂಬುದನ್ನು ಒಂದು ಸಾಲಿನ ಸೂತ್ರ ಹೇಳುತ್ತದೆ.

y = (E − r) / (A × σ²)

ಇಲ್ಲಿ y ಎಂದರೆ ಫಂಡಿಗೆ ಹೋಗಬೇಕಾದ ಪಾಲು. E ಫಂಡಿನಿಂದ ನಿರೀಕ್ಷಿಸುವ ವಾರ್ಷಿಕ ಪ್ರತಿಫಲ. r ಬಿಲ್ಲಿನ ಖಚಿತ ಪ್ರತಿಫಲ. σ ಫಂಡಿನ ಏರಿಳಿತವನ್ನು ಅಳೆಯುವ ಮಾನಕ ವಿಚಲನೆ. A ಹೂಡಿಕೆದಾರರ ಅಪಾಯ ವಿಮುಖತೆಯ ಗುಣಾಂಕ, ನಷ್ಟದ ಚಿಂತೆ ಹೆಚ್ಚಿದಷ್ಟೂ ಇದು ದೊಡ್ಡದು. ಲೆಕ್ಕಕ್ಕಾಗಿ E, r, σ ಇವನ್ನು ಕ್ರಮವಾಗಿ ಶೇ 12, ಶೇ 6.5 ಮತ್ತು ಶೇ 18 ಎಂದಿಟ್ಟುಕೊಂಡು, 0.12, 0.065, 0.18 ಎಂದು ದಶಮಾಂಶದಲ್ಲೇ ಬರೆದುಕೊಳ್ಳಿ. ತಿಂಗಳ ಏರಿಳಿತವನ್ನು ಹಾಗೆಯೇ ತುಂಬಿ, 10 ಲಕ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಶೇರು ಕೊಳ್ಳಬೇಕೆಂಬ ಉತ್ತರ ಪಡೆದವರನ್ನು ನೋಡಿದ್ದೇನೆ. ತಿಂಗಳ ಅಂಕಿ ಶೇ 5.2 ಆಗಿದ್ದರೆ ಅದನ್ನು 12ರ ವರ್ಗಮೂಲದಿಂದ ಗುಣಿಸಿದಾಗಲೇ ವರ್ಷದ ಶೇ 18 ಸಿಗುತ್ತದೆ.

ಹೆಚ್ಚಿನವರು ಎಡವುವುದು A ಕಂಡುಕೊಳ್ಳುವಲ್ಲಿ. ಆ್ಯಪುಗಳ ಪ್ರಶ್ನಾವಳಿ ಕೊನೆಗೆ ಕೊಡುವ ‘ಮಧ್ಯಮ’ ಎಂಬ ಹಣೆಪಟ್ಟಿಯನ್ನು ಸೂತ್ರದಲ್ಲಿ ಹಾಕಲು ಬರುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡಿ. ಬದಲಿಗೆ ಹೀಗೆ ಕೇಳಿಕೊಳ್ಳಿ: ಇಡೀ 10 ಲಕ್ಷ ಒಂದು ವರ್ಷ ಫಂಡಿನಲ್ಲೇ ಇರಬೇಕು, ಅದರ ಬದಲು ಎಷ್ಟು ಖಚಿತ ಬಡ್ಡಿ ಸಿಕ್ಕರೆ ಎರಡೂ ನನಗೆ ಸಮ? ನಾನು ಹೀಗೆ ಕೇಳಿದ ಪರಿಚಿತರೊಬ್ಬರು ಮೊದಲು ‘ಹನ್ನೆರಡು’ ಎಂದುಬಿಟ್ಟರು. ಹಾಗೆಂದರೆ A ಸೊನ್ನೆ, ನಷ್ಟದ ಚಿಂತೆಯೇ ಇಲ್ಲ ಎಂದರ್ಥ. ಪ್ರತಿಫಲ ಸರಿಸುಮಾರು ಗಂಟೆಯಾಕಾರದಲ್ಲಿ ಹರಡಿಕೊಂಡಿದ್ದರೆ ಸುಮಾರು ಆರು ವರ್ಷಕ್ಕೊಮ್ಮೆ 60,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಕಳೆದುಕೊಳ್ಳಬೇಕಾಗುತ್ತದೆ ಎಂದು ವಿವರಿಸಿದ ಮೇಲೆ, ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತಾ ಏಳರಲ್ಲಿ ನಿಂತರು. ಆ ಉತ್ತರವನ್ನು C ಎಂದು ಕರೆದರೆ,

A = 2 × (E − C) / σ²

ಅಂದರೆ 0.10ನ್ನು 0.0324ರಿಂದ ಭಾಗಿಸಬೇಕು, A ಸುಮಾರು 3.1. ಪ್ರಶ್ನೆಯನ್ನು ರೂಪಾಯಿಯಲ್ಲೇ ಕೇಳಿ, ಮಾರುಕಟ್ಟೆ ಏರಿದ ವಾರದಲ್ಲಂತೂ ಕೇಳಲೇಬೇಡಿ. ಉತ್ತರವನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ: C ಬಿಲ್ಲಿನ ದರಕ್ಕೇ ಸಮನಾದರೆ y ಯಾವಾಗಲೂ ಸರಿಯಾಗಿ ಅರ್ಧ ಬರುತ್ತದೆ. ‘ಎಲ್ಲ ಫಂಡಿನಲ್ಲಿಟ್ಟರೂ ಒಂದೇ, ಎಲ್ಲ ಬಿಲ್ಲಿನಲ್ಲಿಟ್ಟರೂ ಒಂದೇ’ ಎನ್ನುವವರಿಗೆ ತಕ್ಕದ್ದು ಅರ್ಧಕ್ಕರ್ಧ.

ಉಳಿದದ್ದು ಭಾಗಾಕಾರ ಮಾತ್ರ: E − r ಆದ 0.055ನ್ನು A × σ² ಆದ 0.10ರಿಂದ ಭಾಗಿಸಿದರೆ 0.55, ಫಂಡಿಗೆ 5.5 ಲಕ್ಷ, ಬಿಲ್ಲಿಗೆ 4.5 ಲಕ್ಷ. ಉತ್ತರ 1ನ್ನು ಮೀರಿದರೆ ಸಾಲ ಮಾಡಿ ಶೇರು ಕೊಳ್ಳಿ ಎಂದರ್ಥವಾದರೂ, ನಮಗೆ ಸಾಲ ಸಿಗುವುದು ಬಿಲ್ಲಿನ ದರದಲ್ಲಲ್ಲ. ಆಗ r ಬದಲು ಸಾಲದ ಬಡ್ಡಿ ಹಾಕಿ ಮತ್ತೆ ಲೆಕ್ಕ ಮಾಡಬೇಕು, ಆಗಲೂ 1ನ್ನು ಮೀರದಿದ್ದರೆ 1ಕ್ಕೇ ನಿಲ್ಲಬೇಕು.

E ಮಾತ್ರ ಊಹೆಯ ಅಂಕಿ. ಅದನ್ನು 12ರಿಂದ 10ಕ್ಕೆ ಇಳಿಸಿದರೆ, A ಬದಲಾಗದಿದ್ದರೂ ಫಂಡಿನ ಪಾಲು 3.5 ಲಕ್ಷಕ್ಕೆ ಕುಸಿಯುತ್ತದೆ. ಆದ್ದರಿಂದ ನಾನು ಎರಡು E ಹಿಡಿದು ಲೆಕ್ಕ ಮಾಡಿ, ಕಡಿಮೆ ಬಂದ ಪಾಲನ್ನೇ ಹಾಕುತ್ತೇನೆ.