ವಾಚ್ ಹೇಳಿದ್ದು 176, ಯಳ್ಳೂರು ಗುಡ್ಡ ಹೇಳಿದ್ದು 189

ಹೊಸ ವಾಚ್ ಕಟ್ಟಿಕೊಂಡಾಗ ಅದು ನಮ್ಮನ್ನು ಕೇಳುವುದು ಹುಟ್ಟಿದ ತಾರೀಖು, ಎತ್ತರ, ತೂಕ. ಅಷ್ಟರ ಮೇಲೆಯೇ 220ರಲ್ಲಿ ವಯಸ್ಸು ಕಳೆದು ನಮ್ಮ ಗರಿಷ್ಠ ಹೃದಯ ಬಡಿತ ಇಂತಿಷ್ಟು ಎಂದು ಬರೆದುಕೊಳ್ಳುತ್ತದೆ. ನನಗೆ 44 ವರ್ಷ, ಹಾಗಾಗಿ 176. ಇದನ್ನಿಟ್ಟುಕೊಂಡು ವಾಚ್ ಬಡಿತವನ್ನು ಹಗುರದಿಂದ ಜೋರಿನವರೆಗೆ ಐದು ಝೋನ್‌ಗಳಾಗಿ ಹಂಚುತ್ತದೆ. 176ರ 60ರಿಂದ 70 ಪರ್ಸೆಂಟ್ ಎರಡನೇ ಝೋನ್, ಅಂದರೆ 106ರಿಂದ 123. ಹಗುರವಾಗಿ ಓಡುವುದೆಲ್ಲ ಈ ಝೋನ್‌ನಲ್ಲೇ ಇರಬೇಕು ಎನ್ನುತ್ತಾರೆ.

ಆದರೆ 123ರ ಕೆಳಗೆ ಇರಬೇಕೆಂದರೆ ನಾನು ನಡೆಯಬೇಕಿತ್ತು. ಬೆಳಗಾವಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಸಾವಕಾಶ ಓಡಿದರೂ ಬಡಿತ 145ರ ಹತ್ತಿರ ನಿಲ್ಲುತ್ತಿತ್ತು, ವಾಚ್ ಅದನ್ನು ನಾಲ್ಕನೇ ಝೋನ್ ಎಂದು ತೋರಿಸುತ್ತಿತ್ತು. ಅತ್ತ ನಾನು ಜೊತೆಗಾರರ ಕೂಡ ಕುಂದಾ ರೇಟು ಎಷ್ಟಾಯಿತು ಎಂದು ಉಸಿರು ಬಿಡದೆ ಮಾತಾಡುತ್ತಿದ್ದೆ. ನಾಲ್ಕನೇ ಝೋನ್‌ನಲ್ಲಿ ಇಷ್ಟು ಹರಟೆ ಸಾಧ್ಯವಿಲ್ಲ. ದೇಹ ಒಂದು ಹೇಳುತ್ತಿದೆ, ವಾಚ್ ಇನ್ನೊಂದು ಹೇಳುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಆ 176 ಅನ್ನೇ.

220ರ ಸೂತ್ರ ಸರಾಸರಿಯ ಸೂತ್ರ. ಒಂದೇ ವಯಸ್ಸಿನ ಜನರಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು, ಕೆಲವರಿಗೆ ಅದಕ್ಕಿಂತ ಹೆಚ್ಚೂ ಇರುತ್ತದೆ. 208ರಲ್ಲಿ ವಯಸ್ಸಿನ 0.7ರಷ್ಟು ಕಳೆಯುವ 2001ರ ಸೂತ್ರವೂ ಇದೆ. ಅದರಿಂದ ನನಗೆ 177 ಬಂತು. ಸೂತ್ರ ಬದಲಿಸಿದರೆ ಪ್ರಯೋಜನವಿಲ್ಲ, ಅಳೆಯಲೇಬೇಕು.

ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಟಿಎಂಟಿ ಪರೀಕ್ಷೆಯ ರಿಪೋರ್ಟ್‌ನಲ್ಲಿ ಇರುವ ಸಂಖ್ಯೆಯನ್ನು ತಂದು ವಾಚ್‌ಗೆ ಹಾಕುವವರನ್ನು ನೋಡಿದ್ದೇನೆ. ಆ ಪರೀಕ್ಷೆಯನ್ನು ಬಹುತೇಕ ಅದೇ ವಯಸ್ಸಿನ ಸೂತ್ರದ 85 ಪರ್ಸೆಂಟ್ ಮುಟ್ಟಿದರೆ ಸಾಕೆಂದು ನಿಲ್ಲಿಸುತ್ತಾರೆ. ಅದು ಹೃದಯದ ಆರೋಗ್ಯ ನೋಡಲಿಕ್ಕೆ, ಗರಿಷ್ಠ ಬಡಿತ ಹುಡುಕಲಿಕ್ಕಲ್ಲ. ಆದರೂ ನಾನು ಬಡಿತ ಅಳೆಯಲು ಗುಡ್ಡಕ್ಕೆ ಹೋಗುವ ಮೊದಲು ಡಾಕ್ಟರರನ್ನು ಕಂಡು ಇಸಿಜಿ, ಟಿಎಂಟಿ ಮಾಡಿಸಿಕೊಂಡೆ. ನಲವತ್ತು ದಾಟಿದವರು, ಬಿಪಿ-ಶುಗರ್ ಇದ್ದವರು ಇದನ್ನು ಬಿಡಬಾರದು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತಗೊಳ್ಳುವವರಿಗೆ ಬಡಿತವೇ ಮೇಲೆ ಏರುವುದಿಲ್ಲ, ಅವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಪರೀಕ್ಷೆಗೆ ಆರಿಸಿಕೊಂಡದ್ದು ಯಳ್ಳೂರಿನ ರಾಜಹಂಸಗಡಕ್ಕೆ ಏರುವ ರಸ್ತೆ. ಸಪಾಟಾದ ರಸ್ತೆಯಲ್ಲಿ ಹೃದಯಕ್ಕಿಂತ ಮೊದಲು ಕಾಲು ಸೋಲುತ್ತದೆ, ಏರಿನಲ್ಲಿ ಬಡಿತ ತಾನಾಗಿ ಮೇಲಕ್ಕೆ ಹೋಗುತ್ತದೆ. ಹಿಂದಿನ ಎರಡು ದಿನ ಜೋರು ಓಟ ಇಟ್ಟುಕೊಳ್ಳಲಿಲ್ಲ, ಏಕೆಂದರೆ ದಣಿದ ಮೈಯಲ್ಲಿ ಬಡಿತ ಪೂರ್ತಿ ಏರುವುದಿಲ್ಲ. ಗದ್ದೆಗಳ ನಡುವಿನ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಹಗುರ ಓಟ, ನಡುನಡುವೆ ಕೆಲವು ಸಣ್ಣ ವೇಗದ ಓಟ. ಆಮೇಲೆ ಮೂರು ನಿಮಿಷದ ಏರು ಓಟ, ನಡೆಯುತ್ತ ಇಳಿಯುವುದು, ಮತ್ತೆ ಏರು. ಮೊದಲನೆಯದರಲ್ಲಿ 181, ಎರಡನೆಯದರಲ್ಲಿ 186. ಮೂರನೆಯದನ್ನು ಕೊನೆಯ ಅರ್ಧ ನಿಮಿಷ ಇದ್ದಬದ್ದ ಶಕ್ತಿ ಹಾಕಿ ಓಡಿದೆ, 189ಕ್ಕೆ ಹೋಗಿ ನಿಂತಿತು. ಬೈಕ್‌ನಲ್ಲಿ ಬರುತ್ತಿದ್ದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ, "ಯಾಕ್ರೀ ತಮ್ಮಾ, ಆರಾಮ ಅದೀರಿಲ್ಲೋ? ನೀರ ಬೇಕೇನು?" ಎಂದು ಕೇಳಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ, ಕೈ ಎತ್ತಿದೆ. ಒಬ್ಬರೇ ಹೋಗಬೇಡಿ ಎಂದು ಹೇಳುವುದು ಇದಕ್ಕೇ.

ಆ 189 ಬಂದದ್ದು ಎದೆಗೆ ಕಟ್ಟುವ ಪಟ್ಟಿಯಿಂದ. ಮಣಿಕಟ್ಟಿನ ಬೆಳಕಿನ ಸೆನ್ಸರ್‌ನ ಸಂಖ್ಯೆಯನ್ನು ಈ ಕೆಲಸಕ್ಕೆ ನಾನು ನಂಬುವುದಿಲ್ಲ, ಕಾರಣ ಇದೆ. ಅದಕ್ಕೂ ಕೆಲವು ವಾರ ಮೊದಲು ಇಳಿಜಾರಿನಲ್ಲಿ ಆರಾಮಾಗಿ ಓಡುವಾಗ ಬಡಿತ 142ರಿಂದ ಒಮ್ಮೆಲೇ 178ಕ್ಕೆ ಜಿಗಿದು ಅಲ್ಲೇ ಗೆರೆ ಎಳೆದಂತೆ ನಿಂತಿತ್ತು. ಮನೆಗೆ ಬಂದ ಮೇಲೆ "ನಿಮ್ಮ ಹೊಸ ಗರಿಷ್ಠ ಬಡಿತ 178" ಎಂದು ವಾಚ್ ಅಭಿನಂದನೆ ಬೇರೆ ಹೇಳಿತು. ಮೊಬೈಲ್‌ನಲ್ಲಿ ಬಡಿತದ ಗ್ರಾಫ್ ಮೇಲೆ ಕೇಡೆನ್ಸ್ ಗ್ರಾಫ್ ಇಟ್ಟು ನೋಡಿದೆ. ಎರಡೂ 178ರಲ್ಲಿ ಒಂದರ ಮೇಲೊಂದು ಕೂತಿದ್ದವು. ವಾಚಿನ ಪಟ್ಟಿ ಸಡಿಲವಾಗಿದ್ದರಿಂದ ಸೆನ್ಸರ್ ರಕ್ತದ ಬಡಿತ ಬಿಟ್ಟು ನಿಮಿಷಕ್ಕೆ 178 ಹೆಜ್ಜೆ ಬೀಳುವುದನ್ನು ಎಣಿಸಿತ್ತು. ನಿಜವಾದ ಗರಿಷ್ಠ ಬಡಿತ ಗ್ರಾಫ್‌ನಲ್ಲಿ ಹಾಗೆ ಜಿಗಿಯುವುದಿಲ್ಲ. ಏರಿನ ಜೊತೆ ಬಾಗಿ ಏರುತ್ತದೆ, ನಿಂತ ಮೇಲೆ ಬಾಗಿ ಇಳಿಯುತ್ತದೆ. ಎದೆಪಟ್ಟಿಯೂ ಒಣಗಿದ್ದರೆ ಮೊದಲ ಕೆಲವು ನಿಮಿಷ ಏನೇನೋ ತೋರಿಸುತ್ತದೆ, ಕಟ್ಟುವ ಮೊದಲು ಅದನ್ನು ನೀರಿನಿಂದ ತೋಯಿಸಬೇಕು.

ಇನ್ನು ವಾಚ್‌ಗೆ ಹಾಕುವುದು. ನನ್ನದರಲ್ಲಿ `User Profile` ಒಳಗೆ ಹಾರ್ಟ್ ರೇಟ್ ಝೋನ್‌ಗಳ ಮೆನು ಇದೆ. ಅಲ್ಲಿ `Max. HR` ಜಾಗದಲ್ಲಿ 189 ಬರೆದು `Auto Detection` ಅನ್ನು ಆಫ್ ಮಾಡಿದೆ, ಇಲ್ಲದಿದ್ದರೆ ಇನ್ನೊಂದು ಇಳಿಜಾರಿನ ದಿನ ಮತ್ತೆ ಎಲ್ಲ ಕಲಸಿಹೋಗುತ್ತದೆ. ಇಷ್ಟೇ ಮಾಡಿ ಬಿಟ್ಟಿದ್ದರೆ ಎರಡನೇ ಝೋನ್ 113ರಿಂದ 132 ಆಗುತ್ತಿತ್ತು. ಅದೂ ನನಗೆ ಕಡಿಮೆಯೇ. ಅದಕ್ಕೆ `Based On` ಎಂಬಲ್ಲಿ `%Max. HR` ತೆಗೆದು `%HRR` ಆರಿಸಿದೆ.

ಇದರ ಲೆಕ್ಕ ಸರಳ. ಗರಿಷ್ಠ 189, ಬೆಳಗ್ಗೆ ಏಳುವ ಮೊದಲಿನ ವಿಶ್ರಾಂತಿ ಬಡಿತ, ಒಂದು ವಾರದ ಸರಾಸರಿ, 54. ನಡುವಿನ ಅಂತರ 135, ಹೃದಯಕ್ಕೆ ಏರಲಿಕ್ಕೆ ಇರುವ ಜಾಗ ಅಷ್ಟು. ಅದರ 60 ಪರ್ಸೆಂಟ್ 81, ಅದಕ್ಕೆ 54 ಕೂಡಿಸಿದರೆ 135. 70 ಪರ್ಸೆಂಟ್‌ಗೆ ಹೀಗೇ ಮಾಡಿದರೆ 149 ಹತ್ತಿರ. ಅಂದರೆ ಎರಡನೇ ಝೋನ್ 135ರಿಂದ 149, ನಾಲ್ಕನೆಯದು 162ರಿಂದ 176. ವ್ಯಾಕ್ಸಿನ್ ಡಿಪೋದ 145 ಈಗ ಹಗುರ ಓಟದ ಒಳಗೆ ಬಂತು, ಹರಟೆಗೂ ತಾಳೆಯಾಯಿತು.

ತಾಳೆ ನೋಡಲು ಇನ್ನೊಂದು ಓಟ ಓಡಿದೆ. ಸಪಾಟಾದ ರಸ್ತೆಯಲ್ಲಿ ಮೂವತ್ತು ನಿಮಿಷ ಒಂದೇ ಸಮನೆ, ತಡೆದುಕೊಳ್ಳಬಹುದಾದಷ್ಟು ಜೋರಾಗಿ. ಕೊನೆಯ ಇಪ್ಪತ್ತು ನಿಮಿಷದ ಸರಾಸರಿ ಬಡಿತ 170. ಲ್ಯಾಕ್ಟೇಟ್ ಮಿತಿಗೆ, ಅಂದರೆ ಅದನ್ನು ದಾಟಿದರೆ ಮೈ ಬೇಗ ಸೋಲುವ ಬಡಿತಕ್ಕೆ, ಇದು ಹತ್ತಿರದ ಅಂದಾಜು, ನನ್ನ ನಾಲ್ಕನೇ ಝೋನ್‌ನ ಮೇಲಿನ ಅರ್ಧದಲ್ಲಿ ಬಿತ್ತು. ಎರಡನೇ ಝೋನ್‌ನಲ್ಲಿ ಬಂದಿದ್ದರೆ 189 ಅನ್ನು ಮತ್ತೆ ಪ್ರಶ್ನಿಸಬೇಕಾಗುತ್ತಿತ್ತು.

ಸುಧಾರಣೆ ನೋಡುವುದು ವಾಚ್ ಕೊಡುವ ಅಂಕಗಳಿಂದಲ್ಲ. ತಿಂಗಳಿಗೊಮ್ಮೆ ಅದೇ ದಾರಿ, ಅದೇ ಬೆಳಗಿನ ಹೊತ್ತು, ಬಡಿತ 140ರ ಸುತ್ತ ಹಿಡಿದು ಐದು ಕಿಲೋಮೀಟರ್ ಓಡುತ್ತೇನೆ, ವೇಗವನ್ನಷ್ಟೇ ಬರೆದಿಡುತ್ತೇನೆ. ಶುರುವಿಗೆ ಕಿಲೋಮೀಟರ್‌ಗೆ 7 ನಿಮಿಷ 50 ಸೆಕೆಂಡ್ ಬೇಕಾಗುತ್ತಿತ್ತು, ಚಳಿಗಾಲ ಮುಗಿಯುವ ಹೊತ್ತಿಗೆ 7 ನಿಮಿಷ 10 ಸೆಕೆಂಡ್‌ಗೆ ಬಂದೆ. ಇದರಲ್ಲಿ ತಂಪು ಹವೆಯ ಪಾಲೂ ಇದೆ ಎಂಬುದು ಮೇ ತಿಂಗಳಲ್ಲಿ ವಿಜಯಪುರದ ತಂಗಿಯ ಮನೆಗೆ ಹೋದಾಗ ತಿಳಿಯಿತು. ಗೋಲಗುಮ್ಮಟದ ಸುತ್ತಲಿನ ರಸ್ತೆಯಲ್ಲಿ ಅದೇ ವೇಗಕ್ಕೆ ಬಡಿತ 150 ದಾಟಿತು, ಅರ್ಧ ಗಂಟೆಯ ಮೇಲೆ ವೇಗ ಏರಿಸದಿದ್ದರೂ ಇನ್ನೂ ಮೇಲೆ ಹೋಯಿತು. ಬಿಸಿಲಿನಲ್ಲಿ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಿಂದ ರಕ್ತದ ಪ್ರಮಾಣವೂ ಇಳಿಯುತ್ತದೆ, ಹೃದಯ ಬಡಿತ ಹೆಚ್ಚಿಸಿ ಅದನ್ನು ಸರಿದೂಗಿಸುತ್ತದೆ. ಅಲ್ಲಿ ನಾನು ಝೋನ್ ಬದಲಿಸಲಿಲ್ಲ. ಬಡಿತವನ್ನೇ ಹಿಡಿದು ವೇಗ ಇಳಿಸಿದೆ, ಆ ದಿನಗಳ ವೇಗವನ್ನು ಬೆಳಗಾವಿಯ ಲೆಕ್ಕದ ಪುಸ್ತಕಕ್ಕೆ ಸೇರಿಸಲಿಲ್ಲ.

ಗರಿಷ್ಠ ಬಡಿತ ಅಭ್ಯಾಸದಿಂದ ಏರುವುದಿಲ್ಲ, ಹಾಗಾಗಿ ಗುಡ್ಡದ ಪರೀಕ್ಷೆ ಮೇಲಿಂದ ಮೇಲೆ ಬೇಕಿಲ್ಲ. ಇಳಿಯುವುದು ವಿಶ್ರಾಂತಿ ಬಡಿತ. ನನ್ನದು 54ರಿಂದ 50ಕ್ಕೆ ಬಂದಾಗ `Resting HR` ತಿದ್ದಿದೆ, ಎರಡನೇ ಝೋನ್ 133ರಿಂದ 147 ಆಯಿತು.