ಒಂದು ತಿಂಗಳ ವಾಯ್ಸ್ ಡೈರಿ ಕೇಳಿದಾಗ ಸಿಕ್ಕಿದ್ದು

ರಾತ್ರಿ ಮಲಗುವ ಮುಂಚೆ ಎರಡು ಮೂರು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಡುತ್ತೇನೆ. ಫೈಲಿಗೆ ತಾರೀಕು ಬಿಟ್ಟು ಬೇರೆ ಹೆಸರು ಇಡುವುದಿಲ್ಲ. 'ಬೇಜಾರಿನ ದಿನ' ಅಂತ ಇಟ್ಟರೆ ಕೇಳುವ ಮೊದಲೇ ತೀರ್ಮಾನ ಆಗಿಬಿಡುತ್ತದೆ, ಅಲ್ವಾ? ವಾರಕ್ಕೊಮ್ಮೆ ಅಷ್ಟನ್ನೂ ಒಟ್ಟಿಗೆ ಕೂತು ಕೇಳುತ್ತೇನೆ. ಅರ್ಧ ಗಂಟೆ ಸಾಕು. ಸ್ಪೀಡ್ ಮಾತ್ರ ಜಾಸ್ತಿ ಮಾಡುವುದಿಲ್ಲ. ಮಾಡಿದರೆ ನಿಟ್ಟುಸಿರು, ತಡವರಿಕೆ, ನಡುವೆ ಸುಮ್ಮನಾಗುವುದು ಗೊತ್ತೇ ಆಗುವುದಿಲ್ಲ. ಬರೆಯುವ ಡೈರಿಯಲ್ಲಿ ಸಿಗದೇ ಇರುವುದು ಇವೇ.

ಕೇಳುತ್ತಾ ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಚಿಂತೆ, ಬಲಕ್ಕೆ ಸಣ್ಣ ಗೆಲುವು ಬರೆಯುತ್ತೇನೆ. ನಾನು ಆಡಿದ ಮಾತನ್ನೇ ಬರೆಯುತ್ತೇನೆ, ಜೊತೆಗೆ ಅದು ವಾರದ ಯಾವ ದಿನ ಅಂತಲೂ. 'ಒತ್ತಡ' ಅಂತ ಒಂದೇ ಪದದಲ್ಲಿ ಮುಗಿಸಿದರೆ ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ತಿಂಗಳ ಕೊನೆಗೆ ನಾಲ್ಕು ಪುಟಗಳನ್ನು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ 'ಕೆಲಸ ಮುಗೀತಾನೇ ಇಲ್ಲ', ಇನ್ನೊಂದರಲ್ಲಿ 'ನಿದ್ದೆ ಬರ್ತಿಲ್ಲ', ಮತ್ತೊಂದರಲ್ಲಿ 'ಅವರು ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಏನಂದ್ಕೊಂಡ್ರೋ'. ನೋಡಲು ಮೂರು ಬೇರೆ ಚಿಂತೆಗಳು. ಆದರೆ ಮೂರೂ ಭಾನುವಾರ ರಾತ್ರಿಯವು. ಸೋಮವಾರ ಬೆಳಗ್ಗೆ ಟೀಮಿನ ಮುಂದೆ ವಾರದ ಕೆಲಸದ ವಿವರ ಹೇಳಬೇಕು. ಮತ್ತೆ ಹಾಕಿ ಕೇಳಿದರೆ ಮೂರರಲ್ಲೂ 'ನಾಳೆ' ಅನ್ನುವಾಗ ದನಿ ಸಣ್ಣಗಾಗುತ್ತದೆ. ಕೆಲಸ ಜಾಸ್ತಿಯಾಗಿದ್ದಕ್ಕಿಂತ ನಾಲ್ಕು ಜನರ ಮುಂದೆ ಮಾತಾಡುವುದೇ ನನ್ನನ್ನು ಕಾಡುತ್ತಿತ್ತು. ಇದಕ್ಕೆ ಮಾಡಲು ಏನೋ ಇತ್ತು: ಶುಕ್ರವಾರವೇ ಹೇಳಬೇಕಾದ ಮೂರು ವಿಷಯ ಬರೆದಿಟ್ಟುಕೊಳ್ಳುವುದು. ಮುಂದಿನ ಭಾನುವಾರದ ರೆಕಾರ್ಡಿಂಗ್‌ನಲ್ಲಿ 'ನಾಳೆ' ಬಂತು, ಆದರೆ ಮಾತು ತಡವರಿಸಲಿಲ್ಲ.

ಗೆಲುವುಗಳನ್ನು ಹುಡುಕುವುದು ಇದಕ್ಕಿಂತ ಕಷ್ಟ. ಚಿಂತೆಯನ್ನು ನಾವು ಬಿಡಿಸಿ ಬಿಡಿಸಿ ಹೇಳುತ್ತೇವೆ, ಗೆಲುವನ್ನು ಮಾತಿನ ಮಧ್ಯೆ ತೇಲಿಸಿಬಿಡುತ್ತೇವೆ. 'ಮೀಟಿಂಗಲ್ಲಿ ಒಂದು ಪ್ರಶ್ನೆ ಕೇಳ್ದೆ, ಅದಿರ್ಲಿ, ಆಮೇಲೆ ಏನಾಯ್ತು ಅಂದ್ರೆ...' ಈ 'ಅದಿರ್ಲಿ' ಬಂದ ಕಡೆಯೆಲ್ಲ ನಿಲ್ಲಿಸಿ ಹಿಂದಿನ ವಾಕ್ಯ ಮತ್ತೆ ಕೇಳುತ್ತೇನೆ. ನನ್ನ ಬಲಗಡೆಯ ಸಾಲುಗಳು ಬಹುಪಾಲು ಅಲ್ಲೇ ಸಿಕ್ಕಿದ್ದು. ನಿಮ್ಮ ಮಾತಿನಲ್ಲಿ ಅದು 'ಬಿಡಿ' ಇರಬಹುದು, 'ಏನೋ ಒಂದು' ಇರಬಹುದು. ಎರಡು ವಾರ ಕೇಳಿದರೆ ಗೊತ್ತಾಗುತ್ತದೆ.

ಒಂದು ಎಚ್ಚರ ಬೇಕು. ರಾತ್ರಿ ದಣಿದಿರುವಾಗ ಮಾಡಿದ ರೆಕಾರ್ಡಿಂಗ್‌ನಲ್ಲಿ ಎಡಗಡೆಯೇ ತುಂಬುತ್ತದೆ. ಹಾಗಾಗಿ ವಾರದಲ್ಲಿ ಒಂದೆರಡು ಸಲ ಮಧ್ಯಾಹ್ನವೂ ಮಾತಾಡುತ್ತೇನೆ. ಎರಡು ಹೊತ್ತಿನಲ್ಲೂ ಬರುವ ಚಿಂತೆಯನ್ನು ಮುಂದಿನ ವಾರಕ್ಕೆ ಒಯ್ಯುತ್ತೇನೆ. ರಾತ್ರಿ ಮಾತ್ರ ಬರುವುದರ ಪಕ್ಕ ಒಂದು ಚುಕ್ಕಿ ಇಟ್ಟು ಅಲ್ಲೇ ಬಿಡುತ್ತೇನೆ.