ಭಗಂದರ: ಕೀವು ನಿಂತಿತೆಂದು ಸುಮ್ಮನಾಗಬೇಡಿ

ಗುದದ್ವಾರದ ಪಕ್ಕ ಗುಳ್ಳೆಯೆದ್ದು ಕೂರಲಾಗದಷ್ಟು ನೋವು. ಅದು ಒಡೆದು ಕೀವು ಸೋರಿದರೆ ಹಾಯೆನಿಸುತ್ತದೆ. ಬಾಯಿ ಮುಚ್ಚಿಕೊಂಡ ಕೆಲವು ವಾರಗಳಿಗೆ ಮತ್ತೆ ಅದೇ ಜಾಗದಲ್ಲಿ ಊತ. ಇದನ್ನು ಪೈಲ್ಸ್ ಎಂದುಕೊಂಡು ಮುಲಾಮು ಹಚ್ಚುವವರೇ ಹೆಚ್ಚು. ಇದು ಸಾಮಾನ್ಯವಾಗಿ ಭಗಂದರ, ಅಂದರೆ ಫಿಸ್ಟುಲಾ. ಗುದನಾಳದೊಳಗಿನ ಸಣ್ಣ ಗ್ರಂಥಿ ಸೋಂಕಾಗಿ, ಕೀವು ಹೊರಚರ್ಮದವರೆಗೆ ಸುರಂಗ ಕೊರೆದಿರುತ್ತದೆ. ಒಳಬಾಯಿ ತೆರೆದೇ ಇರುವುದರಿಂದ ಆಂಟಿಬಯೋಟಿಕ್‌ನಿಂದ ಸುರಂಗ ಮುಚ್ಚುವುದಿಲ್ಲ.

ಮೊದಲ ಹೆಜ್ಜೆ, ಸರ್ಜನ್‌ಗೆ ತೋರಿಸಿ. ಜ್ವರ, ಹರಡುವ ಊತ, ಮೂತ್ರ ಕಟ್ಟುವುದು ಇದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರು, ಅದೇ ದಿನ ಹೋಗಿ ಕೀವು ತೆಗೆಸಬೇಕು.

ಎರಡನೆಯದು, ದಾರಿ ಗುರುತಿಸುವುದು. ಸುರಂಗ ಮಲ ಹಿಡಿದಿಡುವ ಸ್ನಾಯುವಿನ ಎಷ್ಟು ಭಾಗವನ್ನು ದಾಟಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಕಡಿಮೆಯಿದ್ದರೆ ಸೀಳಿ ತೆರೆದಿಡುತ್ತಾರೆ. ಹೆಚ್ಚಿದ್ದರೆ ಹಾಗೆ ಸೀಳಿದಲ್ಲಿ ಮಲದ ಹಿಡಿತವೇ ತಪ್ಪಬಹುದು. ಮರುಕಳಿಸಿದ, ಕವಲೊಡೆದ ಭಗಂದರಕ್ಕೆ ಎಂಆರ್‌ಐ ಮಾಡಿಸದೆ ಕತ್ತರಿ ಹಾಕಿಸಬೇಡಿ. ಸೀಳಿದಾಗ ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಲು ಹೇಳಿ, ಕ್ಷಯವೂ ಕಾರಣವಿರಬಹುದು.

ಆಯುರ್ವೇದದ ಕ್ಷಾರಸೂತ್ರ ಚಿಕಿತ್ಸೆ ಆರಿಸಿಕೊಂಡವರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ದಾರ ಬದಲಿಸುವಲ್ಲಿ. ಕ್ಷಾರಸೂತ್ರವೆಂದರೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳನ್ನು 21 ಬಾರಿ ಲೇಪಿಸಿ ಒಣಗಿಸಿದ ಲಿನನ್ ದಾರ. ಸುರಂಗದ ಮೂಲಕ ಅದನ್ನು ತೂರಿಸಿ ಹೊರಗೆ ಗಂಟು ಹಾಕುತ್ತಾರೆ. ದಾರ ನಿಧಾನವಾಗಿ ಕೊಯ್ಯುತ್ತ ಸಾಗಿದಂತೆ ಹಿಂದಿನ ಭಾಗ ಮಾಯುತ್ತ ಬರುತ್ತದೆ. ವಾರಕ್ಕೊಮ್ಮೆ ಹಳೆ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆದು ಬದಲಿಸುತ್ತಾರೆ. ತೆಗೆದ ದಾರದ ಉದ್ದ ಪ್ರತಿ ಸಲವೂ ಅಳೆಯಲು ಕೇಳಿ. ನಾಲ್ಕು ಸೆಂ.ಮೀ. ಸುರಂಗ ವಾರಕ್ಕೆ ಅರ್ಧದಿಂದ ಒಂದು ಸೆಂ.ಮೀ. ಕುಗ್ಗಿದರೆ ನಾಲ್ಕರಿಂದ ಎಂಟು ವಾರ ಬೇಕು. ಅಳತೆ ವಾರಗಟ್ಟಲೆ ಕದಲದಿದ್ದರೆ ಏಕೆಂದು ವೈದ್ಯರು ನೋಡಬೇಕು.

ನೋವಿಲ್ಲವೆಂದು ದಾರದ ಬದಲಾವಣೆ ತಪ್ಪಿಸುವುದು ಹಲವರು ಮಾಡುವ ತಪ್ಪು. ಕ್ಷಾರ ಕರಗಿದ ಮೇಲೆ ಉಳಿಯುವುದು ಬರೀ ದಾರ. ಬದಲಿಸಿದ ದಿನ ಉರಿ ಇದ್ದದ್ದೇ, ಗಂಟು ಎಳೆಯಬೇಡಿ. ಮಲವಿಸರ್ಜನೆಯ ನಂತರ ಮತ್ತು ರಾತ್ರಿ, ಅಗಲದ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ಕುಳಿತು, ಒತ್ತಿ ಒರೆಸಿ ಹತ್ತಿ ಬಟ್ಟೆ ಇಡಿ. ಡೆಟಾಲ್ ಸುರಿಯಬೇಡಿ, ಚರ್ಮ ಸುಡುತ್ತದೆ. ಮಲ ಗಟ್ಟಿಯಾದರೆ ಇಸಬಗೋಲು ಸಾಕು. ಬಸ್‌ಸ್ಟ್ಯಾಂಡ್ ಗೋಡೆಯ ‘ಒಂದೇ ಇಂಜೆಕ್ಷನ್, ಗ್ಯಾರಂಟಿ ವಾಸಿ’ ನಂಬಿ ಸ್ನಾಯು ಸುಡಿಸಿಕೊಳ್ಳಬೇಡಿ.

ದಾರ ಪೂರ್ತಿ ಕೊಯ್ದು ಹೊರಬಂದ ಮೇಲೂ ಗಾಯ ತಳದಿಂದ ತುಂಬಿ ಬರಬೇಕು. ಮೇಲಿನ ಚರ್ಮ ಬೇಗ ಕೂಡಿಕೊಂಡರೆ ಕೆಳಗೆ ಕೀವು ಉಳಿಯುತ್ತದೆ. ಒಣಗಿದ ಜಾಗ ಮತ್ತೆ ಒದ್ದೆಯಾದರೆ ಒಳಬಾಯಿಯೋ ಕವಲೋ ಉಳಿದಿರಬಹುದು. ಹಳೆಯ ಎಂಆರ್‌ಐ ಫಿಲ್ಮ್ ಹಿಡಿದುಕೊಂಡು ಅದೇ ವೈದ್ಯರ ಬಳಿ ಹೋಗಿ.